ಕೆಂಪು ಶಾಯಿ ಬಿದ್ದ ಉತ್ತರಪತ್ರಿಕೆಯಿಂದ ತಪ್ಪುಗಳ ಪುಸ್ತಕ ಮಾಡುವುದು ಹೇಗೆ?

ಪ್ರಶ್ನೆ: ನಾನು ಕುಂಬಳೆಯವಳು. ದಿನವೂ ರೈಲಿನಲ್ಲಿ ಮಂಗಳೂರಿಗೆ ಹೋಗಿ ಎಲ್‌ಎಲ್‌ಬಿ ಓದುತ್ತಿದ್ದೇನೆ. ಉತ್ತರಗಳನ್ನು ಕನ್ನಡದಲ್ಲಿ ಬರೆಯುತ್ತೇನೆ. ಮಾದರಿ ಪರೀಕ್ಷೆಯ ಉತ್ತರಪತ್ರಿಕೆಗಳು ಅಕ್ಟೋಬರ್ 29ರಂದು ಕೈಗೆ ಬಂದವು. ಕರಾರು ಕಾನೂನಿನ ಅಂತಿಮ ಪರೀಕ್ಷೆ ಡಿಸೆಂಬರ್ 10ಕ್ಕೆ. ಮೇಷ್ಟ್ರು ತಿದ್ದಿಕೊಟ್ಟದ್ದನ್ನು ಪ್ರತಿ ಸಲವೂ ಓದುತ್ತೇನೆ, ಆದರೂ ಮುಂದಿನ ಪರೀಕ್ಷೆಯಲ್ಲಿ ಅವೇ ತಪ್ಪುಗಳು. ತಪ್ಪುಗಳನ್ನು ಬರೆದಿಟ್ಟುಕೊಂಡು ಅಂತರ ಬಿಟ್ಟು ಓದಬೇಕು ಎನ್ನುತ್ತಾರೆ. ಅದನ್ನು ನಿಜವಾಗಿ ಮಾಡುವುದು ಹೇಗೆ? 10ಕ್ಕೆ 4 ಅಂಕ ಬಂದ ಒಂದು ಉತ್ತರದ ಪ್ರತಿ ಜೊತೆಗಿದೆ.

ಉತ್ತರ: ನೀವು ಕಳುಹಿಸಿದ ಉತ್ತರವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಅಂಚಿನಲ್ಲಿ ಮೇಷ್ಟ್ರು ಬರೆದಿರುವುದು ಮೂರೇ ಮಾತು: ‘ಕಲಂ 5?’, ‘ಅನ್ವಯ ಎಲ್ಲಿ?’, ‘(ಬಿ) ಭಾಗ?’. ಮೂರೂ ಒಂದೇ ಉತ್ತರದಲ್ಲಿ ಇರುವುದರಿಂದ ನೀವು ಅವನ್ನು ಒಟ್ಟಾಗಿ ‘ಅಂಗೀಕಾರದ ಅಧ್ಯಾಯ ಮತ್ತೊಮ್ಮೆ ಓದಬೇಕು’ ಎಂದು ಗುರುತು ಹಾಕಿಕೊಂಡಿದ್ದೀರಿ. ಅವೇ ತಪ್ಪುಗಳು ಮರಳಿ ಬರುವುದಕ್ಕೆ ಕಾರಣ ಈ ಗುರುತೇ. ಆ ಮೂರು ತಪ್ಪುಗಳು ಒಂದೇ ಅಧ್ಯಾಯದವಾದರೂ ಹುಟ್ಟಿದ ಕಾರಣ ಬೇರೆ ಬೇರೆ. ಅಂತರ ಬಿಟ್ಟು ಮಾಡುವ ಪುನರಾವರ್ತನೆ ಅವುಗಳಲ್ಲಿ ಒಂದಕ್ಕೆ ಮಾತ್ರ ನೇರವಾದ ಮದ್ದು.

ಪ್ರಶ್ನೆ ಹೀಗಿದೆ. ಬದಿಯಡ್ಕದ ಕೃಷಿಕನೊಬ್ಬ 10 ಕ್ವಿಂಟಾಲ್ ಅಡಿಕೆ ಮಾರುವುದಾಗಿ ಮಂಗಳೂರಿನ ವ್ಯಾಪಾರಿಗೆ ಜೂನ್ 1ರಂದು ಪತ್ರ ಬರೆಯುತ್ತಾನೆ. ಪತ್ರ 3ರಂದು ತಲುಪುತ್ತದೆ. ಅದೇ ಸಂಜೆ ಮನಸ್ಸು ಬದಲಿಸಿದ ಕೃಷಿಕ, ಪ್ರಸ್ತಾವವನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಇನ್ನೊಂದು ಪತ್ರ ಹಾಕುತ್ತಾನೆ. ಅದು ವ್ಯಾಪಾರಿಗೆ ಸಿಗುವುದು 5ರ ಬೆಳಗ್ಗೆ. ಅಷ್ಟರಲ್ಲಿ, 4ರಂದೇ, ವ್ಯಾಪಾರಿ ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕಿರುತ್ತಾನೆ. ಅದು ಕೃಷಿಕನ ಕೈಸೇರುವುದು 6ರಂದು. (ಎ) ಕರಾರು ಆಗಿದೆಯೇ? (ಬಿ) 5ರ ಸಂಜೆ ವ್ಯಾಪಾರಿಯೇ ಫೋನ್ ಮಾಡಿ ‘ನನ್ನ ಒಪ್ಪಿಗೆ ಹಿಂದಕ್ಕೆ ತೆಗೆದುಕೊಂಡಿದ್ದೇನೆ’ ಎಂದರೆ?

ಪ್ರಸ್ತಾವದ ವ್ಯಾಖ್ಯೆ ಆದ ಮೇಲೆ ನೀವು ಬರೆದದ್ದು: ‘ಅಂಗೀಕಾರವನ್ನು ಅಂಚೆಗೆ ಹಾಕಿದ ಕೂಡಲೇ ಕರಾರು ಪೂರ್ಣವಾಗುತ್ತದೆ. ಆಡಮ್ಸ್ ವಿರುದ್ಧ ಲಿಂಡ್ಸೆಲ್, 1818. ಆದ್ದರಿಂದ ಕರಾರು ಆಗಿದೆ.’ (ಎ) ಭಾಗದ ನಿರ್ಣಯ ಸರಿ. ಆದರೆ ನೀವು ಹೇಳಿದ್ದು ಇಂಗ್ಲಿಷ್ ಕಾನೂನಿನ ಅಂಚೆ ನಿಯಮ. 1872ರ ಭಾರತೀಯ ಕರಾರು ಅಧಿನಿಯಮದ ಕಲಂ 4 ಅದನ್ನು ಎರಡು ತುಂಡು ಮಾಡಿದೆ. ಒಪ್ಪಿಗೆಯ ಪತ್ರ ಅದನ್ನು ಬರೆದವನ ಹಿಡಿತ ಮೀರಿ ರವಾನೆಗೆ ಬಿದ್ದಾಗ ಅಂಗೀಕಾರದ ಸಂವಹನ ಪ್ರಸ್ತಾವಕನ ವಿರುದ್ಧ ಪೂರ್ಣ. ಪ್ರಸ್ತಾವಕನ ಅರಿವಿಗೆ ಬಂದಾಗಲಷ್ಟೇ ಅದು ಅಂಗೀಕರಿಸಿದವನ ವಿರುದ್ಧ ಪೂರ್ಣ. ಈ ಎರಡು ಕ್ಷಣಗಳ ನಡುವಿನ ಅವಧಿಯಲ್ಲಿ ಕೃಷಿಕ ಕಟ್ಟುಬಿದ್ದಿರುತ್ತಾನೆ, ವ್ಯಾಪಾರಿ ಬಿದ್ದಿರುವುದಿಲ್ಲ. ಯಾರು ಯಾವ ಕ್ಷಣದವರೆಗೆ ಹಿಂತೆಗೆಯಬಹುದು ಎಂದು ಹೇಳುವ ಕಲಂ 5 ನಿಂತಿರುವುದೇ ಈ ಅಂತರದ ಮೇಲೆ. ಕೃಷಿಕನ ಹಿಂತೆಗೆತ ವ್ಯಾಪಾರಿಯ ಅರಿವಿಗೆ ಬಂದದ್ದು 5ಕ್ಕೆ, ಒಪ್ಪಿಗೆ ಅಂಚೆಗೆ ಬಿದ್ದದ್ದು 4ಕ್ಕೆ. ಹಾಗಾಗಿ ಹಿಂತೆಗೆತ ತಡವಾಯಿತು, (ಎ)ಯಲ್ಲಿ ಕರಾರು ಇದೆ. (ಬಿ)ಯಲ್ಲಿ ವ್ಯಾಪಾರಿಯ ಫೋನ್ 5ರ ಸಂಜೆ ಬಂತು, ಅವನ ಪತ್ರ ತಲುಪುವುದು 6ಕ್ಕೆ. ಅವನು ತನ್ನ ಒಪ್ಪಿಗೆಯನ್ನು ಸಕಾಲದಲ್ಲೇ ಹಿಂತೆಗೆದುಕೊಂಡಿದ್ದಾನೆ, ಕರಾರು ಇಲ್ಲ. ನೀವು ಉಲ್ಲೇಖಿಸಿದ ಇಂಗ್ಲಿಷ್ ನಿಯಮ ಹಿಡಿದು ಹೋದರೆ (ಬಿ)ಗೆ ಈ ಉತ್ತರ ಸಿಗುವುದೇ ಇಲ್ಲ.

ಈಗ ತಪ್ಪಿನ ಕಾರಣ ಹುಡುಕುವ ಕೆಲಸ. ಪತ್ರಿಕೆ ಕೈಗೆ ಬಂದ ದಿನವೇ, ಅಧಿನಿಯಮವನ್ನಾಗಲಿ ಟಿಪ್ಪಣಿಯನ್ನಾಗಲಿ ತೆರೆಯುವ ಮೊದಲು, ಬೇರೆ ಬಣ್ಣದ ಪೆನ್ನು ಹಿಡಿದು ಕುಳಿತುಕೊಳ್ಳಿ. ಅಂಕ ಕಳೆದ ಪ್ರತಿ ಜಾಗವನ್ನೂ ಪುಸ್ತಕ ನೋಡದೆ ರಿಪೇರಿ ಮಾಡಲು ಪ್ರಯತ್ನಿಸಿ. ಒಂದು ಉತ್ತರಕ್ಕೆ ಹತ್ತು ನಿಮಿಷ ಸಾಕು. ಪುಸ್ತಕವಿಲ್ಲದೆ ರಿಪೇರಿಯಾಗದೇ ಉಳಿದರೆ ಅದು ನೆನಪಿನ ತಪ್ಪು: ನಿಯಮ ನಿಮ್ಮ ತಲೆಯಲ್ಲಿ ಇಲ್ಲ, ಅಥವಾ ಅರ್ಧ ಇದೆ. ಸುಲಭವಾಗಿ ರಿಪೇರಿಯಾದರೆ ನಿಯಮ ನಿಮಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಸಂಗತಿಗಳ ಮೇಲೆ ಹೂಡಲಿಲ್ಲ ಎಂದರ್ಥ. ಅದು ಅನ್ವಯದ ತಪ್ಪು. ಆ ಭಾಗ ಖಾಲಿಯೇ ಉಳಿದಿದ್ದರೆ, ಅಥವಾ ‘ವ್ಯತ್ಯಾಸ ತಿಳಿಸಿ’ ಎಂದಲ್ಲಿ ‘ವಿವರಿಸಿ’ ಎಂದುಕೊಂಡು ಬರೆದಿದ್ದರೆ, ಅದು ಓದಿನ ಅಥವಾ ಸಮಯದ ತಪ್ಪು. ಮೊದಲೇ ಮಾದರಿ ಉತ್ತರ ನೋಡಿಬಿಟ್ಟರೆ ಈ ಪರೀಕ್ಷೆ ಕೆಟ್ಟುಹೋಗುತ್ತದೆ. ನೋಡಿದ ಮೇಲೆ ಎಲ್ಲವೂ ಮೊದಲೇ ಗೊತ್ತಿತ್ತು ಎನ್ನಿಸುತ್ತದೆ.

ನಿಮ್ಮ ಉತ್ತರವನ್ನು ಹೀಗೆ ತೂಗಿದರೆ, ‘ಕಲಂ 5?’ ನೆನಪಿನ ತಪ್ಪು. ಕಲಂ 4ರ ಎರಡನೆಯ ಅರ್ಧ ನಿಮ್ಮಲ್ಲಿ ಇರಲಿಲ್ಲ, ಅದಿಲ್ಲದೆ ಕಲಂ 5 ಅರ್ಥವಾಗುವುದಿಲ್ಲ. ‘ಅನ್ವಯ ಎಲ್ಲಿ?’ ಎಂಬುದು ಅನ್ವಯದ ತಪ್ಪು. ಉತ್ತರದಲ್ಲಿ 3, 4, 5, 6 ಎಂಬ ತಾರೀಖುಗಳಲ್ಲಿ ಒಂದೂ ಇಲ್ಲ. ಸಮಸ್ಯೆಯ ಪ್ರಶ್ನೆಯಲ್ಲಿ ತಾರೀಖು ಕೊಟ್ಟಿದ್ದರೆ ಪ್ರತಿ ತಾರೀಖಿಗೂ ಕಾನೂನಿನಲ್ಲಿ ಒಂದು ಕೆಲಸ ಇರುತ್ತದೆ. ಅದನ್ನು ಹೇಳದೆ ‘ಆದ್ದರಿಂದ’ ಎಂದು ಬರೆದರೆ ಮೌಲ್ಯಮಾಪಕರಿಗೆ ನಿಮ್ಮ ತರ್ಕ ಕಾಣುವುದಿಲ್ಲ. ಮೂರನೆಯದು, (ಬಿ) ಭಾಗ. ನೀವು ಪತ್ರದಲ್ಲಿ ಕಾರಣ ಬರೆದಿಲ್ಲ, ಆದರೆ ಪ್ರತಿಯಲ್ಲಿ (ಎ)ಯ ಕೆಳಗೆ ಜಾಗ ಬಿಟ್ಟಿದ್ದೀರಿ. ಅಂದರೆ ಪ್ರಶ್ನೆ ಕಣ್ಣಿಗೆ ಬಿದ್ದಿತ್ತು, ಸಮಯ ಸಾಲಲಿಲ್ಲ.

ಇನ್ನು ಪುಸ್ತಕ. ಒಂದು ಉದ್ದ ನೋಟ್‌ಬುಕ್ ಮತ್ತು ಒಂದು ತಾರೀಖು ಡೈರಿ ಇದ್ದರೆ ಸಾಕು. ನೋಟ್‌ಬುಕ್ಕಿನಲ್ಲಿ ಪ್ರತಿ ತಪ್ಪಿಗೂ ಒಂದು ಸಂಖ್ಯೆ ಕೊಡಿ. ಅದರ ಕೆಳಗೆ ಯಾವ ಪತ್ರಿಕೆಯ ಯಾವ ಪ್ರಶ್ನೆ, ನೀವು ಬರೆದ ತಪ್ಪು ವಾಕ್ಯ ಇದ್ದದ್ದು ಇದ್ದ ಹಾಗೆ, ಮತ್ತು ನೆನಪು, ಅನ್ವಯ, ಸಮಯ ಇವುಗಳಲ್ಲಿ ಕಾರಣ ಯಾವುದು ಎಂದು ಬರೆಯಿರಿ. ಕೊನೆಗೆ ಒಂದು ಪ್ರಶ್ನೆ. ಈ ಪ್ರಶ್ನೆಯ ಮೇಲೇ ಎಲ್ಲವೂ ನಿಂತಿದೆ. ‘ಅಂಗೀಕಾರದ ಸಂವಹನ ಸರಿಯಾಗಿ ಓದುವುದು’ ಎಂದು ಬರೆದರೆ ಮುಂದೆ ಅದನ್ನು ನೋಡಿದಾಗ ಮಾಡುವುದಕ್ಕೆ ಏನೂ ಇರುವುದಿಲ್ಲ, ತಲೆಯಾಡಿಸಿ ಪುಟ ತಿರುಗಿಸುತ್ತೀರಿ. ನಿಮ್ಮ ಈ ತಪ್ಪಿಗೆ ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಒಪ್ಪಿಗೆಯ ಪತ್ರ ದಾರಿಯಲ್ಲಿದೆ. ಈಗ ಯಾರು ಕಟ್ಟುಬಿದ್ದಿದ್ದಾರೆ, ಯಾರು ಬಿದ್ದಿಲ್ಲ? ಯಾವ ಕಲಂ? ಇಬ್ಬರೂ ಯಾವ ಕ್ಷಣದವರೆಗೆ ಹಿಂತೆಗೆಯಬಹುದು?’ ಉತ್ತರವನ್ನು ಹಾಳೆಯ ಹಿಂಬದಿಯಲ್ಲಿ, ಅಧಿನಿಯಮದ ಮಾತಿಗೆ ಹತ್ತಿರವಾಗಿ, ನೀವು ಪರೀಕ್ಷೆಯಲ್ಲಿ ಬರೆಯುವ ಕನ್ನಡದಲ್ಲೇ ಬರೆಯಿರಿ. ನಿಮ್ಮ ಬಳಿಯ ಅಧಿನಿಯಮದ ಪ್ರತಿ ಇಂಗ್ಲಿಷಿನದಾದರೂ ಇದು ಕನ್ನಡದಲ್ಲೇ ಇರಲಿ. ಪರೀಕ್ಷೆಯ ಕೋಣೆಯಲ್ಲಿ ಅನುವಾದ ಮಾಡುತ್ತ ಕೂರಲು ಸಮಯವಿಲ್ಲ.

ಉತ್ತರ ಐದು ಸಾಲು ಮೀರಿದರೆ ಆ ದಾಖಲೆಯಲ್ಲಿ ಎರಡು ತಪ್ಪುಗಳು ಸೇರಿಕೊಂಡಿವೆ ಎಂದು ತಿಳಿದು ಒಡೆಯಿರಿ. ಬಣ್ಣಬಣ್ಣದ ತಲೆಬರಹ ಹಾಕಿ ಅಧ್ಯಾಯವನ್ನೇ ಮತ್ತೆ ಬರೆದುಕೊಳ್ಳುವ ಮಕ್ಕಳನ್ನು ಕಂಡಿದ್ದೇನೆ. ಅವರ ಶ್ರಮ ನೋಡಿ ಸಂಕಟವಾಗುತ್ತದೆ. ಅದು ಇನ್ನೊಂದು ಟಿಪ್ಪಣಿ ಪುಸ್ತಕವಾಯಿತೇ ಹೊರತು ತಪ್ಪುಗಳ ಪುಸ್ತಕವಾಗಲಿಲ್ಲ.

ಪ್ರಕರಣಗಳ ವಿಷಯದಲ್ಲಿ ಒಂದು ಮಾತು. ಕಾನೂನು ವಿದ್ಯಾರ್ಥಿಗಳ ಪತ್ರಿಕೆಗಳಲ್ಲಿ ಪ್ರಕರಣದ ಕಥೆ ಅರ್ಧ ಪುಟ ಇರುತ್ತದೆ, ತೀರ್ಪು ಏನನ್ನು ಸ್ಥಾಪಿಸಿತು ಎಂಬುದು ಇರುವುದಿಲ್ಲ. 1903ರ ಮೊಹೊರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್ ಪ್ರಕರಣಕ್ಕೆ ‘ಸಂಗತಿಗಳೇನು?’ ಎಂಬ ಪ್ರಶ್ನೆ ಹಾಕಬೇಡಿ. ‘ಅಪ್ರಾಪ್ತನ ಒಪ್ಪಂದ ಶೂನ್ಯವೋ ಶೂನ್ಯೀಕರಣೀಯವೋ? ಪ್ರಿವಿ ಕೌನ್ಸಿಲ್ ಯಾವ ಎರಡು ಕಲಂಗಳನ್ನು ಜೋಡಿಸಿ ಓದಿತು? ಅಪ್ರಾಪ್ತನಿಗೆ ಬದುಕಿನ ಅಗತ್ಯ ವಸ್ತು ಒದಗಿಸಿದವನಿಗೆ ಯಾವ ದಾರಿ?’ ಎಂದು ಹಾಕಿ. ಶೂನ್ಯ, 10 ಮತ್ತು 11, ಕಲಂ 68ರಂತೆ ಅಪ್ರಾಪ್ತನ ಆಸ್ತಿಯಿಂದ ಮರುಪಾವತಿ. ಈ ಮೂರು ತುಣುಕು ಕೈಯಲ್ಲಿದ್ದರೆ ಕಥೆ ಎರಡು ವಾಕ್ಯದಲ್ಲಿ ಮುಗಿಯುತ್ತದೆ.

ಈಗ ತಾರೀಖುಗಳು. ಅಕ್ಟೋಬರ್ 29ರಿಂದ ಡಿಸೆಂಬರ್ 10ಕ್ಕೆ 42 ದಿನ. ನೆನಪಿನ ತಪ್ಪುಗಳಿಗೆ ನಾನು ಹೇಳುವ ಅಂತರ ಇದು: ಮರುದಿನ, ಅದಾದ 4 ದಿನಕ್ಕೆ, ಅದಾದ 10 ದಿನಕ್ಕೆ, ಅದಾದ 19 ದಿನಕ್ಕೆ. ನಿಮ್ಮ ಕಲಂ 4ರ ದಾಖಲೆ ಸಂಖ್ಯೆ 7 ಎಂದಿಟ್ಟುಕೊಳ್ಳಿ. ಡೈರಿಯ ಅಕ್ಟೋಬರ್ 30ರ ಪುಟದಲ್ಲಿ 7 ಎಂದು ಬರೆಯಿರಿ, ಅಷ್ಟೇ. ಆ ದಿನ ಪ್ರಶ್ನೆ ನೋಡಿ, ಹಿಂಬದಿ ತಿರುಗಿಸದೆ ಉತ್ತರ ಬರೆದು, ಆಮೇಲೆ ಹೋಲಿಸಿ. ಸರಿಯಾದರೆ 7 ನವೆಂಬರ್ 3ಕ್ಕೆ ಹೋಗುತ್ತದೆ, ಅಲ್ಲಿ ಸರಿಯಾದರೆ 13ಕ್ಕೆ, ಅಲ್ಲಿಂದ ಡಿಸೆಂಬರ್ 2ಕ್ಕೆ. ಎಲ್ಲ ತಾರೀಖುಗಳನ್ನೂ ಮೊದಲೇ ತುಂಬಿಸಿಡಬೇಡಿ. ಮುಂದಿನ ತಾರೀಖು ಯಾವುದು ಎಂಬುದು ಇಂದಿನ ಫಲಿತಾಂಶದ ಮೇಲೆ ನಿಲ್ಲಬೇಕು.

ನವೆಂಬರ್ 3ರಂದು ನೀವು ಮತ್ತೆ ಅರ್ಧವನ್ನೇ ಬರೆದಿರಿ ಎನ್ನೋಣ. ಅರ್ಧ ಸರಿಯನ್ನು ತಪ್ಪು ಎಂದೇ ಎಣಿಸಬೇಕು, ಪರೀಕ್ಷೆಯಲ್ಲಿ ನೀವು ಕಳೆದುಕೊಂಡದ್ದೂ ಆ ಅರ್ಧವನ್ನೇ. ಆಗ 7 ಮತ್ತೆ ಮೊದಲಿನಿಂದ ಹೊರಡುತ್ತದೆ: ನವೆಂಬರ್ 4, 8, 18, ಡಿಸೆಂಬರ್ 7. ಪರೀಕ್ಷೆಗೆ ಮೂರು ದಿನ ಮೊದಲು ಕೊನೆಯ ಭೇಟಿ, ಇನ್ನೂ ಅನುಕೂಲ. ಆದರೆ ನವೆಂಬರ್ 18ರಂದು ಮತ್ತೆ ಮುಗ್ಗರಿಸಿದರೆ ಪೂರ್ತಿ ಸುತ್ತಿಗೆ ದಿನ ಸಾಲುವುದಿಲ್ಲ. ಅಂಥವಕ್ಕೆ ಕೊನೆಯ ಅಂತರವನ್ನು ಕತ್ತರಿಸಿ, ಡಿಸೆಂಬರ್ 9ಕ್ಕೆ ನೇರವಾಗಿ ಹಾಕಿ. ಮೂರನೆಯ ಸಲವೂ ತಪ್ಪಿದರೆ ನೆನಪನ್ನು ದೂರಬೇಡಿ, ಪ್ರಶ್ನೆಯನ್ನು ಅನುಮಾನಿಸಿ. ಸಾಮಾನ್ಯವಾಗಿ ಅಲ್ಲಿ ನಿಯಮವೇ ಅರ್ಥವಾಗಿರುವುದಿಲ್ಲ. ಕಲಂ 4ರ ಕೆಳಗೆ ಅಧಿನಿಯಮವೇ ಕೊಟ್ಟಿರುವ ಉದಾಹರಣೆಗಳನ್ನು ಓದಿ, ಯಾರ ಕೈಯಲ್ಲಿ ಪತ್ರ ಎಂದು ಗೆರೆ ಹಾಕಿ ನೋಡಿ, ಆಮೇಲೆ ಹೊಸ ಪ್ರಶ್ನೆ ಬರೆಯಿರಿ.

ಅಂತರವನ್ನು ಏಕೆ ಹಿಗ್ಗಿಸುತ್ತ ಹೋಗುವುದು ಎಂದರೆ, ಮರೆಯುವ ಹೊತ್ತಿಗೆ ಕಷ್ಟಪಟ್ಟು ನೆನಪಿಗೆ ತಂದುಕೊಂಡದ್ದು ಹೆಚ್ಚು ಕಾಲ ಉಳಿಯುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಒಂದೇ ದಿನ ಒಟ್ಟಿಗೆ ಓದಿದ್ದಕ್ಕಿಂತ ದಿನಗಳಿಗೆ ಹಂಚಿ ಓದಿದ್ದು ಕಡಿಮೆ ಶ್ರಮದಲ್ಲಿ ಉಳಿಯುತ್ತದೆ ಎಂದು ತೋರಿಸಿದ. ನಾನು ಹೇಳಿದ 1, 4, 10, 19 ಎಂಬ ಸಂಖ್ಯೆಗಳಲ್ಲಿ ಮಂತ್ರವೇನೂ ಇಲ್ಲ, 42 ದಿನಕ್ಕೆ ಹೊಂದುವ ಹಾಗೆ ಹಾಕಿದ್ದೇನೆ. ಒಂದು ದಿನ ಹೆಚ್ಚುಕಡಿಮೆಯಾದರೆ ಏನೂ ಕೆಡುವುದಿಲ್ಲ. ಬೇರೆ ವಿಷಯಗಳ ಪರೀಕ್ಷೆ ಬೇರೆ ದಿನ ಇರುವುದರಿಂದ, ಆಯಾ ಪತ್ರಿಕೆಯ ತಾರೀಖಿನಿಂದ ಹಿಂದಕ್ಕೆ ಎಣಿಸಿ.

ಅನ್ವಯದ ತಪ್ಪುಗಳಿಗೆ ಈ ಸುತ್ತು ಹೊಂದುವುದಿಲ್ಲ. ಅದೇ ಅಡಿಕೆಯ ಸಮಸ್ಯೆಯನ್ನು ನಾಲ್ಕನೆಯ ಸಲ ಬರೆದರೆ ನಿಮಗೆ ನೆನಪಿರುವುದು ಉತ್ತರ, ತರ್ಕವಲ್ಲ. ವಾರಕ್ಕೊಮ್ಮೆ, ಅದೇ ಕಲಂಗಳ ಮೇಲೆ, ಸಂಗತಿ ಬದಲಿಸಿದ ಹೊಸ ಸಮಸ್ಯೆ ಬೇಕು. ಬದಲಿಸುವುದು ಕಷ್ಟವಲ್ಲ. ಕೃಷಿಕನ ಹಿಂತೆಗೆತದ ಪತ್ರ 4ರ ಬೆಳಗ್ಗೆ, ವ್ಯಾಪಾರಿ ಅಂಚೆಗೆ ಹೋಗುವ ಮೊದಲೇ ತಲುಪಿತು ಎಂದು ಮಾಡಿ: ಈಗ ಕರಾರು ಇಲ್ಲ. ಮುಂದಿನ ವಾರ ವ್ಯಾಪಾರಿಯ ಒಪ್ಪಿಗೆಯ ಪತ್ರವೂ ಅದನ್ನು ಹಿಂತೆಗೆಯುವ ತಂತಿಯೂ ಕೃಷಿಕನಿಗೆ ಒಂದೇ ಕ್ಷಣ ತಲುಪಿದವು ಎಂದು ಮಾಡಿ. ಕಲಂ 5ರ ಉದಾಹರಣೆಯಲ್ಲಿ ‘ತಲುಪುವ ಮೊದಲು ಅಥವಾ ತಲುಪುವ ಕ್ಷಣದಲ್ಲಿ’ ಎಂಬ ಮಾತಿದೆ, ಅದನ್ನು ಹುಡುಕಿ ಹಿಡಿಯಬೇಕು. ಅದರ ಮುಂದಿನ ವಾರ ಪತ್ರ ಬಿಟ್ಟು ಎಲ್ಲವನ್ನೂ ಫೋನಿನಲ್ಲೇ ಮುಗಿಸಿ. ಆಗ 1965ರಲ್ಲಿ ಸರ್ವೋಚ್ಚ ನ್ಯಾಯಾಲಯ ಭಗವಾನ್‌ದಾಸ್ ಗೋವರ್ಧನದಾಸ್ ಕೇಡಿಯಾ ಪ್ರಕರಣದಲ್ಲಿ ಹೇಳಿದ್ದು ಅನ್ವಯಿಸುತ್ತದೆ: ದೂರವಾಣಿಯಲ್ಲಿ ಅಂಚೆಯ ನಿಯಮ ಇಲ್ಲ, ಒಪ್ಪಿಗೆ ಪ್ರಸ್ತಾವಕನ ಕಿವಿಗೆ ಬಿದ್ದ ಸ್ಥಳದಲ್ಲಿ ಕರಾರು ಹುಟ್ಟುತ್ತದೆ. ಅಲ್ಲಿಗೆ ಬದಿಯಡ್ಕವೋ ಮಂಗಳೂರೋ, ಯಾವ ನ್ಯಾಯಾಲಯದ ವ್ಯಾಪ್ತಿ ಎಂಬ ಪ್ರಶ್ನೆಯೂ ಏಳುತ್ತದೆ. ಸಹಪಾಠಿಯೊಬ್ಬಳು ಜೊತೆಗಿದ್ದರೆ ಇಬ್ಬರೂ ಪರಸ್ಪರರಿಗೆ ಸಂಗತಿ ಬದಲಿಸಿ ಕೊಡಿ, ತಾವೇ ಬದಲಿಸಿಕೊಂಡಾಗ ಉತ್ತರವೂ ಮೊದಲೇ ಹೊಳೆದಿರುತ್ತದೆ.

ಅನ್ವಯ ಸುಧಾರಿಸಿದೆಯೇ ಎಂದು ತಿಳಿಯಲು ಒಂದು ಸರಳ ಗುರುತು ಇದೆ. ಬರೆದ ಉತ್ತರದಲ್ಲಿ ಪ್ರಶ್ನೆಯ ಸಂಗತಿಗಳಿಗೆಲ್ಲ ಅಡಿಗೆರೆ ಎಳೆಯಿರಿ. ಗೆರೆ ಬೀಳದ ಪ್ಯಾರಾ ಪಠ್ಯಪುಸ್ತಕದಿಂದ ಬಂದದ್ದು. ಒಂದೆರಡು ಅಂಥವು ಇರಲಿ, ಆದರೆ ‘ಆದ್ದರಿಂದ’ ಎಂಬ ಪದದ ಹಿಂದಿನ ವಾಕ್ಯದಲ್ಲಿ ಗೆರೆ ಇಲ್ಲದಿದ್ದರೆ ಅದೇ ತಪ್ಪು ಮರಳಿದೆ.

ಸಮಯದ ತಪ್ಪನ್ನು ಡೈರಿಗೆ ಹಾಕಲೇಬೇಡಿ. ವಾರಕ್ಕೊಂದು ಭಾನುವಾರ, ಗಡಿಯಾರ ಇಟ್ಟು ಪೂರ್ತಿ ಪತ್ರಿಕೆ ಬರೆಯಿರಿ. ಮೂರು ಗಂಟೆ ಎಂದರೆ 180 ನಿಮಿಷ. ಪತ್ರಿಕೆ 100 ಅಂಕದ್ದಾದರೆ ಓದುವುದಕ್ಕೂ ಕೊನೆಗೆ ನೋಡುವುದಕ್ಕೂ 20 ನಿಮಿಷ ಬಿಟ್ಟು, ಅಂಕಕ್ಕೆ 1.6 ನಿಮಿಷ. ಅಂದರೆ ಈ 10 ಅಂಕದ ಸಮಸ್ಯೆಗೆ 16 ನಿಮಿಷ, ಅದರಲ್ಲಿ (ಬಿ)ಗೆ ಕಡಿಮೆಯೆಂದರೂ 6.

ಹೊರೆ ಎಷ್ಟಾಗುತ್ತದೆ ಎಂದು ಹೆದರಬೇಡಿ, ಲೆಕ್ಕ ಹಾಕಿ. ಎಲ್ಲ ವಿಷಯಗಳಿಂದ 60 ದಾಖಲೆ ಬಂದು ಅದರಲ್ಲಿ 35 ನೆನಪಿನವು ಎಂದಿಟ್ಟುಕೊಂಡರೆ, ಒಂದೊಂದಕ್ಕೆ ನಾಲ್ಕೈದು ಭೇಟಿಯಂತೆ ದಿನಕ್ಕೆ ನಾಲ್ಕು, ತಪ್ಪಿ ಮರಳಿದವು ಸೇರಿ ಆರು. ಒಂದಕ್ಕೆ ಮೂರು ನಾಲ್ಕು ನಿಮಿಷ. ಮೊದಲ ವಾರ ಇದಕ್ಕಿಂತ ಹೆಚ್ಚಿರುತ್ತದೆ, ಆಮೇಲೆ ಇಳಿಯುತ್ತದೆ. ಒಂದೇ ದಿನ 35ನ್ನೂ ಪುಸ್ತಕಕ್ಕೆ ಇಳಿಸಿದರೆ ಮರುದಿನವೇ ಎಲ್ಲವೂ ಮೈಮೇಲೆ ಬರುತ್ತವೆ, ನಾಲ್ಕೈದು ದಿನಗಳಿಗೆ ಹಂಚಿ ಇಳಿಸಿ. ರೈಲಿನಲ್ಲಿ ಕುಂಬಳೆ ಬಿಟ್ಟು ಮಂಗಳೂರು ಸೇರುವುದರೊಳಗೆ ನೆನಪಿನ ಪ್ರಶ್ನೆಗಳು ಮುಗಿಯಬಹುದು. ಬಾಯಲ್ಲಿ ಹೇಳಿಕೊಂಡರೂ ಸರಿ, ಆದರೆ ಉತ್ತರ ಪೂರ್ತಿ ಹೇಳಿದ ಮೇಲೆಯೇ ಹಾಳೆ ತಿರುಗಿಸಿ. ಕೂರಲು ಜಾಗ ಸಿಗದ ದಿನ ಸಂಜೆ ಮನೆಯಲ್ಲಿ. ಅನ್ವಯದ ಸಮಸ್ಯೆಯನ್ನು ಮಾತ್ರ ರೈಲಿನಲ್ಲಿ ಮಾಡಬೇಡಿ, ಅದಕ್ಕೆ ಮೇಜು ಬೇಕು, ಬರವಣಿಗೆ ಬೇಕು.

ಜ್ವರವೋ ಮನೆಯ ಕಾರ್ಯಕ್ರಮವೋ ಬಂದು ಮೂರು ದಿನ ತಪ್ಪಿದರೆ ಬಾಕಿಯನ್ನೆಲ್ಲ ನಾಲ್ಕನೆಯ ದಿನದ ಮೇಲೆ ಸುರಿಯಬೇಡಿ. ಹೆಚ್ಚು ಅಂಕ ಕಳೆದವನ್ನೂ ಹಿಂದೊಮ್ಮೆ ತಪ್ಪಿದವನ್ನೂ ಮೊದಲು ತೆಗೆದುಕೊಳ್ಳಿ, ಎರಡು ಸಲ ಸರಿಯಾದವನ್ನು ಇನ್ನೂ ಮೂರು ದಿನ ಮುಂದಕ್ಕೆ ತಳ್ಳಿ. ಅವು ತಡೆದುಕೊಳ್ಳುತ್ತವೆ.

ದಾಖಲೆ ಮಾಡುವಾಗ ಇನ್ನೆರಡು ಎಚ್ಚರಿಕೆ. ಅಂಕ ಬಂದಿದ್ದರೂ ನೀವು ಊಹಿಸಿ ಬರೆದ ಉತ್ತರಗಳು ಇರುತ್ತವೆ, ಅವು ನಿಮಗೆ ಮಾತ್ರ ಗೊತ್ತು. ಅವನ್ನೂ ಪುಸ್ತಕಕ್ಕೆ ಸೇರಿಸಿ. ಎರಡನೆಯದು, ಹಿರಿಯ ವಿದ್ಯಾರ್ಥಿಗಳು ಕೊಟ್ಟ ತಿದ್ದಿದ ಪತ್ರಿಕೆಗಳನ್ನು ಬಳಸುವವರಿಗೆ. ಅಪರಾಧ ಕಾನೂನಿನಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕೊಲೆಯ ವ್ಯಾಖ್ಯೆ ದಂಡ ಸಂಹಿತೆಯ 300ರಿಂದ 101ಕ್ಕೆ, ಶಿಕ್ಷೆ 302ರಿಂದ 103ಕ್ಕೆ ಬಂದಿದೆ. ಹಳೆಯ ಪತ್ರಿಕೆಯಲ್ಲಿ ಮೇಷ್ಟ್ರು ಸರಿ ಎಂದು ಗುರುತು ಹಾಕಿದ ಸಂಖ್ಯೆಯೇ ಇಂದು ನಿಮ್ಮ ತಪ್ಪಾಗಬಹುದು. ಆದರೆ ಸಮಸ್ಯೆಯಲ್ಲಿ ಕೃತ್ಯ ಆ ತಾರೀಖಿಗಿಂತ ಮೊದಲು ನಡೆದಿದ್ದರೆ ಹಳೆಯ ಸಂಹಿತೆಯೇ ಅನ್ವಯ, ಅಲ್ಲಿ ತಾರೀಖನ್ನು ಮೊದಲು ನೋಡಿ. ಯಾವುದೇ ತಿದ್ದುಪಡಿಯನ್ನು ಪುಸ್ತಕಕ್ಕೆ ಇಳಿಸುವ ಮೊದಲು ಅಧಿನಿಯಮದೊಂದಿಗೆ ಹೋಲಿಸಿ. ಮೇಷ್ಟ್ರ ಗುರುತು ಅಧಿನಿಯಮಕ್ಕೆ ಹೊಂದದಿದ್ದರೆ ಪುಟ ತೋರಿಸಿ ಕೇಳಿ, ಅವರು ಬೇಸರಪಡುವುದಿಲ್ಲ.

ಡಿಸೆಂಬರ್ 3ರ ನಂತರ ಹೊಸ ದಾಖಲೆ ಬೇಡ, ಕೊನೆಯ ಭಾನುವಾರದ ಪತ್ರಿಕೆಯಿಂದ ಬಂದವನ್ನು ಬಿಟ್ಟು. 9ರಂದು ಪೂರ್ತಿ ಪುಸ್ತಕ ತಿರುವಿ ಹಾಕಬೇಡಿ. ಕೊನೆಯ ಎರಡು ಭೇಟಿಗಳಲ್ಲಿ ಒಮ್ಮೆಯಾದರೂ ತಪ್ಪಿದವುಗಳ ಸಂಖ್ಯೆ ಮಾತ್ರ ಡೈರಿಯ ಆ ಪುಟದಲ್ಲಿ ಇರಬೇಕು. ಅವು ಹತ್ತಕ್ಕಿಂತ ಹೆಚ್ಚಿದ್ದರೆ, ಹೆಚ್ಚು ಅಂಕದ ಪ್ರಶ್ನೆಗಳಿಗೆ ಸೇರಿದ ಹತ್ತನ್ನು ಆರಿಸಿ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆದು ನೋಡಿ. ಉಳಿದ ಹೊತ್ತು ಅಧಿನಿಯಮದ ಕಲಂ 2ರ ವ್ಯಾಖ್ಯೆಗಳಿಗೆ ಕೊಡಿ. ನಿಮ್ಮ ಪ್ರತಿಯಲ್ಲಿ ಪ್ರಸ್ತಾವದ ವ್ಯಾಖ್ಯೆಯೂ ಅರ್ಧವೇ ಇದೆ: ಮಾಡುವ ಇಚ್ಛೆಯನ್ನು ಬರೆದಿದ್ದೀರಿ, ಮಾಡದೆ ಇರುವ ಇಚ್ಛೆಯೂ ಪ್ರಸ್ತಾವವೇ ಎಂಬುದನ್ನು ಬಿಟ್ಟಿದ್ದೀರಿ. ಮೇಷ್ಟ್ರು ಅದಕ್ಕೆ ಗುರುತು ಹಾಕಿಲ್ಲ, ಆದರೆ ಇವತ್ತೇ ಅದಕ್ಕೊಂದು ಸಂಖ್ಯೆ ಕೊಡಿ.